ಭಾಗಪ್ಪನ ಹತ್ತು ನಿಮಿಷ

ವಿಜಾಪುರದ ಹೊರಗೆ, ಸೊಲ್ಲಾಪುರ ರಸ್ತೆಗೆ ಹತ್ತಿದ ನೂಲಿನ ಗಿರಣಿಯಲ್ಲಿ ನಾಲ್ಕುನೂರು ಜನ ದುಡಿಯುತ್ತಿದ್ದರು. ಅವರಲ್ಲಿ ಮಾಲಕರಿಗೆ ಅಂಜುವವರು ಕಡಿಮೆ, ಮ್ಯಾನೇಜರ್ ಸಾಹೇಬರಿಗೆ ಅಂಜುವವರು ಅದಕ್ಕಿಂತ ಸ್ವಲ್ಪ ಹೆಚ್ಚು, ಆದರೆ ಟೈಮ್‌ಕೀಪರ್ ಭಾಗಪ್ಪನಿಗೆ ಅಂಜದವರು ಒಬ್ಬರೂ ಇರಲಿಲ್ಲ. ಮಾಲಕರು ವರ್ಷಕ್ಕೊಮ್ಮೆ ಬಂದು ಹೋಗುವವರು. ಭಾಗಪ್ಪ ದಿನಾಲು ಮುಂಜಾನೆ ಗೇಟಿನಲ್ಲಿ ಕೂಡುವವ.

ಕಾಖಂಡಕಿಯ ಕುರಿ ಕಾಯುವ ಮನೆತನದಲ್ಲಿ ಹುಟ್ಟಿದ ಭಾಗಪ್ಪ ಹೇಗೋ ಮಾಡಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ. ಅವನಪ್ಪ ಹೊತ್ತು ನೋಡುತ್ತಿದ್ದುದು ನೆರಳಿನಿಂದ. ನೆರಳು ಕಾಲಬುಡಕ್ಕೆ ಬಂತೆಂದರೆ ಬುತ್ತಿ ಬಿಚ್ಚುವುದು, ಉದ್ದವಾಯಿತೆಂದರೆ ಕುರಿ ತಿರುಗಿಸುವುದು. ಮಗನೋ ನಿಮಿಷಗಳ ಲೆಕ್ಕ ಇಡುವ ನೌಕರಿ ಹಿಡಿದ. ಹಿಡಿದ ಮೇಲೆ ಅದೇ ಅವನ ದೇವರಾಯಿತು ಎಂದರೂ ತಪ್ಪಿಲ್ಲ. ಗಿಡ್ಡ ಆಳು, ಕರಿ ಟೊಪ್ಪಿಗೆ, ಮೂಗಿನ ತುದಿಗೆ ಇಳಿದ ಚಷ್ಮಾ, ಎರಡು ಟಾಕು: ಒಂದು ಕಪ್ಪು ಶಾಯಿಯದು, ಒಂದು ಕೆಂಪು ಶಾಯಿಯದು. ಕಪ್ಪು ಟಾಕು ಸುಮ್ಮನೆ ಇರುತ್ತಿತ್ತು, ಕೆಂಪು ಟಾಕನ್ನು ಕಂಡರೇ ಜನಕ್ಕೆ ಮೈ ಜುಮ್ಮೆನ್ನುತ್ತಿತ್ತು.

ಹಾಜರಿಯ ಪದ್ಧತಿ ಹೀಗಿತ್ತು. ಗೇಟಿನ ಗೋಡೆಗೆ ದೊಡ್ಡದೊಂದು ಹಲಗೆ, ಅದರ ತುಂಬ ಮೊಳೆ, ಒಂದೊಂದು ಮೊಳೆಗೆ ಒಂದೊಂದು ನಂಬರಿನ ಹಿತ್ತಾಳೆ ಬಿಲ್ಲೆ. ಬಂದವರು ತಮ್ಮ ಬಿಲ್ಲೆ ತೆಗೆದು ಕೆಳಗಿನ ಪೆಟ್ಟಿಗೆಯಲ್ಲಿ ಹಾಕಿ ಒಳಗೆ ಹೋಗಬೇಕು. ಆರೂವರೆಗೆ ಸುತ್ತಲಿನ ಓಣಿಗಳಿಗೆಲ್ಲ ಕೇಳುವಂತೆ ಊದುವ ಮೊದಲ ಭೋಂಗಾ, ಏಳಕ್ಕೆ ಎರಡನೆಯ ಭೋಂಗಾ. ಏಳರ ಮೇಲೆ ಐದು ನಿಮಿಷ ಸವಲತ್ತು. ಆ ಐದು ನಿಮಿಷದಲ್ಲಿ ಬಿದ್ದ ಬಿಲ್ಲೆಯೂ ಏಳರ ಬಿಲ್ಲೆಯೇ. ಏಳು ಹೊಡೆದು ಐದು ನಿಮಿಷವಾಯಿತೆಂದರೆ ಭಾಗಪ್ಪ ಆ ಪೆಟ್ಟಿಗೆ ಎತ್ತಿ ಕೆಂಪು ಬಣ್ಣದ ಪೆಟ್ಟಿಗೆ ಇಡುತ್ತಿದ್ದ. ಅದರೊಳಗೆ ಬಿದ್ದವರ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಕೆಂಪು ಲೇಟ್ ಗುರುತು. ಏಳೂಕಾಲಿಗೆ ಕೆಂಪು ಪೆಟ್ಟಿಗೆಯೂ ಒಳಗೆ, ಗೇಟು ಬಂದ್. ಆಮೇಲೆ ಬಂದವರು ಹನ್ನೊಂದೂವರೆಗೆ, ಊಟದ ಬಿಡುವು ಮುಗಿದ ಮೇಲೆ ಒಳಗೆ ಬರಬೇಕು, ಅರ್ಧ ದಿನದ ಪಗಾರ ಅಷ್ಟೇ.

ಒಂದು ಲೇಟ್ ಗುರುತಿಗೆ ಪಗಾರ ಕಟ್ ಆಗುತ್ತಿರಲಿಲ್ಲ, ಹಾಗೆ ಮಾಡಲು ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದು ಭಾಗಪ್ಪನೇ ಎಲ್ಲರಿಗೂ ತಿಳಿಸಿ ಹೇಳುತ್ತಿದ್ದ. ಎಷ್ಟು ಹೊತ್ತು ಇಲ್ಲವೋ ಅಷ್ಟರದೇ ಕಟ್ಟು, ಅದಕ್ಕಿಂತ ಒಂದು ಪೈಸೆ ಹೆಚ್ಚು ಹಿಡಿಯುವಂತಿಲ್ಲ. ಆದರೆ ತಿಂಗಳಿಗೆ ಮೂರು ಕೆಂಪು ಬಿದ್ದರೆ ಹಾಜರಿ ಬಕ್ಷೀಸಿನ ಐದು ರೂಪಾಯಿ ಹೋಯಿತು. ಅದು ಪಗಾರವಲ್ಲ, ಸಾಹೇಬರು ಖುಷಿಯಿಂದ ಕೊಡುವುದು, ಷರತ್ತು ಅವರದು. ಇನ್ನು ಹಂಗಾಮಿ ಆಳುಗಳಿಗೆ ಬೇರೆ ಒಂದು ಷರತ್ತು: ಸತತ ಆರು ತಿಂಗಳು, ಯಾವ ತಿಂಗಳಲ್ಲೂ ಮೂರು ಕೆಂಪು ಬೀಳದ ಹಾಜರಿ ಇದ್ದರೆ ಹೆಸರು ಕಾಯಂ ಪಟ್ಟಿಗೆ ಹೋಗುತ್ತಿತ್ತು. ನಡುವೆ ಒಂದು ತಿಂಗಳು ಕೆಟ್ಟಿತೋ, ಮತ್ತೆ ಒಂದರಿಂದ ಎಣಿಕೆ.

ಸಾವಿರದ ಒಂಬೈನೂರಾ ಅರವತ್ಮೂರರ ಜನವರಿಯಲ್ಲಿ ಹೀಗೆ ಆರನೆಯ ತಿಂಗಳು ಎಣಿಸುತ್ತಿದ್ದವಳು ಭೀಮಾಬಾಯಿ.

ಭೀಮಾಬಾಯಿ ತಿಕೋಟಾದವಳು. ಮೂವತ್ತರ ಆಸುಪಾಸಿನ ವಿಧವೆ, ರೀಲಿಂಗ್ ಖಾತೆಯಲ್ಲಿ ನೂಲಿನ ಲಡಿ ಸುತ್ತುವ ಕೆಲಸ, ಬಿಲ್ಲೆ ನಂಬರು ನೂರಾ ಎಪ್ಪತ್ಮೂರು. ಊರ ಹೊರಗಿನ ಕೇರಿಯ, ನಾಲ್ಕೈದು ವರ್ಷದ ಹಿಂದೆ ಬೌದ್ಧ ಧರ್ಮ ತಗೊಂಡ ಮನೆ ಅವಳದು. ಮಾತು ಕಡಿಮೆ, ಆಡಿದ್ದು ಗಟ್ಟಿ. ಮುಂಜಾನೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಮಗಳನ್ನು ತಾಯಿ ತಾಯವ್ವನ ಹತ್ತಿರ ಬಿಟ್ಟು, ಐದು ಐವತ್ತರ ಸರಕಾರಿ ಬಸ್ಸು ಹತ್ತುತ್ತಿದ್ದಳು. ಬಸ್ಸು ಊರಿಗೆ ಬಂದು ನಿಲ್ಲುವಷ್ಟರಲ್ಲಿ ಆರೂ ನಲವತ್ತು. ಅಲ್ಲಿಂದ ಗಿರಣಿಗೆ ಬಿರುಸಾಗಿ ನಡೆದರೆ ಹದಿನೈದು ಹದಿನಾರು ನಿಮಿಷ. ಕಾಯಂ ಆದರೆ ಗಿರಣಿಯ ಚಾಳಿನಲ್ಲಿ ಒಂದು ಖೋಲಿ ಸಿಗುವುದಿತ್ತು. ಖೋಲಿ ಸಿಕ್ಕರೆ ಬಸ್ಸಿನ ಖರ್ಚಿಲ್ಲ, ಮಗಳನ್ನು ಕರೆತಂದು ಸಾಲಿಗೆ ಹಚ್ಚಬಹುದು, ತಾಯಿಯೂ ಜೊತೆಗಿರುತ್ತಾಳೆ. ಅವಳ ಜೀವವೆಲ್ಲ ಆ ಒಂದು ಖೋಲಿಯ ಮೇಲಿತ್ತು. ಐದು ತಿಂಗಳಲ್ಲಿ ಒಂದೇ ಒಂದು ಕೆಂಪು ಬಿದ್ದಿರಲಿಲ್ಲ.

ಜನವರಿ ಎರಡನೆಯ ವಾರದ ಮಂಗಳವಾರ ಅವಳು ಎಂದಿನಂತೆ ಬಂದಾಗ ಪೆಟ್ಟಿಗೆ ಕೆಂಪಾಗಿತ್ತು.

"ಯಾಕ್ರಿ ಯಪ್ಪಾ, ಇವತ್ತ ಪೆಟ್ಟಿಗಿ ಲಗೂನ ಎತ್ತಿಬಿಟ್ರಿ?" ಎಂದಳು.

ಭಾಗಪ್ಪ ಟಾಕಿನಿಂದಲೇ ಗೋಡೆಯ ಗಡಿಯಾರ ತೋರಿಸಿದ. ಏಳು ದಾಟಿ ಆರು ನಿಮಿಷ. "ಲಗೂ ನಾ ಎತ್ತಿಲ್ಲವ್ವಾ, ತಡಾ ನೀ ಬಂದಿ."

"ಅದ ಬಸ್ಸಿಗೆ ಬಂದೀನ್ರಿ. ಬಸ್ಸೂ ತಡಾ ಆಗಿಲ್ಲ."

"ಹಂಗಾರ ಹಾದ್ಯಾಗ ನಿಂತ ಮಾತಾಡಿರಬೇಕು."

ಅವಳು ಒಂದು ಗಳಿಗೆ ಅವನ ಮುಖ ನೋಡಿ, ಬಿಲ್ಲೆ ಹಾಕಿ ಒಳಗೆ ಹೋದಳು. ಅವಳ ಹಿಂದೆಯೇ ತಿಕೋಟಾ ಬಸ್ಸಿನ ಇನ್ನೂ ಮೂವರು, ಬಬಲೇಶ್ವರದ ಬಸ್ಸಿನ ಮೂವರು ಏದುಸಿರು ಬಿಡುತ್ತ ಬಂದು ಕೆಂಪು ಪೆಟ್ಟಿಗೆಗೆ ಬಿಲ್ಲೆ ಒಗೆದರು. ಭಾಗಪ್ಪನಿಗೆ ಒಳಗೊಳಗೆ ಖುಷಿಯೇ ಆಯಿತೆನ್ನಬೇಕು. ಚಳಿ ಬಿತ್ತೆಂದರೆ ಹಳ್ಳಿ ಮಂದಿ ಕಾಲೆಳೆದು ನಡೆಯುತ್ತಾರೆ ಎಂದು ಅವನ ಬಹುದಿನದ ಅಭಿಪ್ರಾಯ, ತಾನೂ ಹಳ್ಳಿಯವನೇ ಎಂಬುದನ್ನು ಟೊಪ್ಪಿಗೆ ಹಾಕಿದಾಗ ಮರೆತುಬಿಡುತ್ತಿದ್ದ.

ಬುಧವಾರವೂ ಹಾಗೇ ಆಯಿತು. ಅವತ್ತು ಭೀಮಾಬಾಯಿ ಬಿಲ್ಲೆ ಹಾಕದೆ ಕೈಯಲ್ಲೇ ಹಿಡಿದು ನಿಂತಳು.

"ಯಪ್ಪಾ, ನಿಮ್ಮ ಗಡಿಯಾರ ಒಮ್ಮೆ ನೋಡ್ರಿ. ನನ್ನ ಕಾಲು ಅವ ಅದಾವ, ಹಾದಿ ಅದ ಐತಿ. ಬಸ್‌ಸ್ಟ್ಯಾಂಡಿನ ಗಡಿಯಾರದಾಗ ಆರೂ ನಲವತ್ತ ಆಗಿತ್ತು, ನಾ ಕಣ್ಣಿಲೆ ನೋಡೀನಿ."

ಭಾಗಪ್ಪ ಚಷ್ಮಾ ತೆಗೆದ. ಗಿರಣಿಯ ಗಡಿಯಾರಕ್ಕೆ ತಪ್ಪು ಹಚ್ಚುವುದು ಅವನಿಗೆ ತಪ್ಪು ಹಚ್ಚಿದಂತೆ. "ಬಸ್‌ಸ್ಟ್ಯಾಂಡಿನ ಗಡಿಯಾರಕ್ಕ ಕಾಗಿ ಗೂಡ ಕಟ್ಟ್ಯಾವ. ಇದು ಸ್ಟೇಶನ್ ಟೈಮ್ ಐತಿ, ತಿಳೀತಿಲ್ಲೊ? ಇಡೀ ವಿಜಾಪುರದಾಗ ಖರೇ ಟೈಮ್ ಎರಡ ಕಡೆ ಸಿಗತೈತಿ, ಸ್ಟೇಶನ್ದಾಗ ಒಂದು, ಇಲ್ಲಿ ಒಂದು. ಹಾಕ ಬಿಲ್ಲಿ."

ಹಿಂದೆ ನಿಂತವರು ನಕ್ಕರು. ಅವಳು ಬಿಲ್ಲೆ ಹಾಕಿದಳು. ಎರಡು ಕೆಂಪಾಯಿತು.

ಗುರುವಾರ, ಶುಕ್ರವಾರ ಅವಳು ಬಸ್ಸಿಳಿದದ್ದೇ ಓಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುತ್ತಿಗಂಟು ಎದೆಗವಚಿ, ಹಾಲಿನವರ ಸೈಕಲ್ಲಿಗೆ ದಾರಿ ಬಿಡೆಂದು ಕೂಗುತ್ತ ಓಡಿ ಬಂದು ಎರಡು ದಿನವೂ ಸವಲತ್ತಿನ ಐದು ನಿಮಿಷದೊಳಗೇ ಬಿಲ್ಲೆ ಹಾಕಿದಳು. ಶನಿವಾರ ಮಾತ್ರ ಸೊಲ್ಲಾಪುರ ರಸ್ತೆಯ ಖಡಿಕಲ್ಲಿನಲ್ಲಿ ಕಾಲು ಜಾರಿ ಬಿದ್ದಳು. ಮೊಣಕಾಲು ಒರೆಸಿಕೊಂಡು ಬಂದಾಗ ಭಾಗಪ್ಪ ಆಗಷ್ಟೇ ಪೆಟ್ಟಿಗೆ ಬದಲಿಸಿ ಕೈ ಝಾಡಿಸುತ್ತಿದ್ದ. ಗಡಿಯಾರದಲ್ಲಿ ಏಳು ಮೀರಿ ಆರು.

"ಮೂರಾದುವು," ಎಂದ ಅವನು. ಅವಳ ಲೆಕ್ಕ ಅವನಿಗೆ ಗೊತ್ತಿತ್ತು. ದನಿ ತುಸು ಮೆತ್ತಗಾಯಿತು. "ಇರಲಿ, ಫೆಬ್ರವರಿಯಿಂದ ಮತ್ತ ಹೊಸಾ ಎಣಿಕಿ ಸುರು ಮಾಡವ್ವಾ. ಆರು ತಿಂಗಳು ಏನ ಬಾಳ ದೂರ?"

ಭೀಮಾಬಾಯಿಯ ಕಣ್ಣು ತುಂಬಿದ್ದವು, ಆದರೆ ಅವನ ಮುಂದೆ ಒಂದು ಹನಿಯನ್ನೂ ಬೀಳಿಸದೆ ಒಳಗೆ ಹೋದಳು.

ಮರುದಿನ ರವಿವಾರ. ಸಂಕ್ರಮಣಕ್ಕೆ ಭಾಗಪ್ಪನ ಮಗಳು ಸತ್ಯವ್ವ ಗಂಡನ ಮನೆ ಸೊಲ್ಲಾಪುರದಿಂದ ಬರುವವಳಿದ್ದಳು. ಗಾಡಿ ಮೂರೂ ಐವತ್ತೈದಕ್ಕೆ. ಭಾಗಪ್ಪ ಶುಭ್ರ ಧೋತರ ಉಟ್ಟು, ಕಿಸೆಗಡಿಯಾರ ಇಟ್ಟುಕೊಂಡು, ಗೋಳಗುಮ್ಮಟದ ಹಿಂದಿನ ದಾರಿ ಹಿಡಿದು ಸ್ಟೇಶನ್ನಿಗೆ ಬಂದ. ದೀಪಾವಳಿಯ ನಂತರ ಈ ದಾರಿಗೆ ಬಂದದ್ದು ಇದೇ ಮೊದಲು. ಅದಕ್ಕೂ ಮೊದಲು ಪ್ರತಿ ಸೋಮವಾರ ಇಲ್ಲಿಗೆ ಬಂದು, ಸ್ಟೇಶನ್ ಗಡಿಯಾರಕ್ಕೆ ತನ್ನ ಕಿಸೆಗಡಿಯಾರ ಸರಿಮಾಡಿಕೊಂಡು, ಆ ಟೈಮನ್ನು ಹಾಲು ಚೆಲ್ಲದಂತೆ ಒಯ್ದು ಗಿರಣಿಯ ಗೋಡೆಗಡಿಯಾರಕ್ಕೆ ಕೊಡುತ್ತಿದ್ದ. ದೀಪಾವಳಿಯಲ್ಲಿ ಹಿಮ್ಮಡಿಗೆ ಜಾಲಿಮುಳ್ಳು ಮುರಿದು ಕೀವಾಗಿ, ಎರಡು ಮೈಲು ನಡೆಯುವುದು ಬೇಡವೆನಿಸಿತು. ಮುಳ್ಳು ಹೋಯಿತು, ಆಲಸ್ಯ ಉಳಿಯಿತು.

ಕಿಸೆಗಡಿಯಾರದಲ್ಲಿ ನಾಲ್ಕು ಮೀರಿ ನಾಲ್ಕು ನಿಮಿಷ. ಗಾಡಿಯ ಸುಳಿವಿಲ್ಲ. ಭಾಗಪ್ಪನಿಗೆ ರೋಷ ಉಕ್ಕಿತು. ಸೀದಾ ಸ್ಟೇಶನ್ ಮಾಸ್ತರರ ಖೋಲಿಗೆ ಹೋಗಿ, "ಏನ್ರೀ ಇದು? ಒಂಬತ್ತು ನಿಮಿಷ ಲೇಟು! ನಮ್ಮ ಗಿರಣ್ಯಾಗ ಆಗಿದ್ರ ನಿಮ್ಮ ಗಾಡಿಗೆ ಕೆಂಪು ಗುರ್ತು ಬೀಳತಿತ್ತು," ಎಂದ.

ಮಾಸ್ತರರು ತಲೆ ಎತ್ತಿ ತಮ್ಮ ಗೋಡೆ ನೋಡಿದರು. "ಇನ್ನ ಒಂದ್ ನಿಮಿಷ ಐತಿ, ಯಜಮಾನ್ರ. ಅಕಾ ನೋಡ್ರಿ, ಸಿಗ್ನಲ್ ಬಿದ್ದೈತಿ."

ಅಷ್ಟರಲ್ಲಿ ಗಾಡಿ ಸಿಳ್ಳು ಹಾಕುತ್ತ ಬಂದೇಬಿಟ್ಟಿತು. ಸತ್ಯವ್ವ ಟ್ರಂಕು ಹಿಡಿದು ಇಳಿದು, "ಯಪ್ಪಾ!" ಎಂದು ಕಾಲು ಮುಟ್ಟಲು ಬಂದರೆ ಅಪ್ಪನ ಲಕ್ಷ್ಯ ಮಗಳ ಮೇಲಿಲ್ಲ. "ನಿಮ್ಮ ಗಡಿಯಾರ ಹಿಂದ ಬಿದ್ದೈತ್ರಿ," ಎಂದು ಮಾಸ್ತರರಿಗೆ ಗಂಟುಬಿದ್ದಿದ್ದ.

"ದಿನಾ ನಾಕಕ್ಕ ತಾರಿನ ಮ್ಯಾಲೆ ಟೈಮ್ ಬರತೈತಿ," ಎಂದರು ಮಾಸ್ತರರು ನಗುತ್ತ. "ಎಲ್ಲಾ ಸ್ಟೇಶನ್ದವರೂ ಅದಕ್ಕ ಕೂಡಿಸ್ತೀವಿ. ಇನ್ನ ನಾಕ ನಿಮಿಷ ಐತಿ, ನಿಂತ ನೋಡ್ರಿ ಬೇಕಾರ."

ಭಾಗಪ್ಪ ನಿಂತ. ಪಾಪ, ಸತ್ಯವ್ವನೂ ಟ್ರಂಕಿನ ಮೇಲೆ ಕೂತಳು. ತಂತಿಯ ಯಂತ್ರ ಟಕಟಕ ಎಂದಾಗ ಮಾಸ್ತರರ ಗಡಿಯಾರದ ದೊಡ್ಡ ಮುಳ್ಳು ಸರಿಯಾಗಿ ಹನ್ನೆರಡರ ಮೇಲಿತ್ತು. ಭಾಗಪ್ಪನ ಕಿಸೆಗಡಿಯಾರದಲ್ಲಿ ನಾಲ್ಕೂ ಹತ್ತು.

ನಿನ್ನೆ ಸಂಜೆಯೇ ಈ ಗಡಿಯಾರವನ್ನು ಗಿರಣಿಯ ಗೋಡೆಗಡಿಯಾರಕ್ಕೆ ಹೋಲಿಸಿ ಇಟ್ಟಿದ್ದ. ಇದು ಹತ್ತು ನಿಮಿಷ ಮುಂದಿದ್ದರೆ ಅದೂ ಹತ್ತು ನಿಮಿಷ ಮುಂದೆ. ಅಂದರೆ ಏಳು ಮೀರಿ ಆರು ಎಂದು ತಾನು ಕೆಂಪು ಹಾಕಿದ್ದು, ನಿಜಕ್ಕೂ ಏಳಕ್ಕೆ ನಾಲ್ಕು ನಿಮಿಷ ಮುಂಚೆ ಬಂದವರಿಗೆ.

ಮಗಳನ್ನು ಮನೆಯಲ್ಲಿ ಬಿಟ್ಟವನೇ, ಹೆಂಡತಿ ಮಾಳವ್ವ ಕೊಟ್ಟ ಚಹಾ ಕುಡಿಯದೆ ದಾದಾಸಾಬನ ಮನೆಗೆ ಓಡಿದ.

ದಾದಾಸಾಬ ಅವರ ಗಿರಣಿಯ ಮಗ್ಗುಲಲ್ಲೇ ಇದ್ದ ಜಿನ್ನಿಂಗ್ ಫ್ಯಾಕ್ಟರಿಯ ಬಾಯ್ಲರಿನ ಮನುಷ್ಯ. ಎಂಟು ಗಂಟೆಗೆ ಅಲ್ಲಿಯ ಭೋಂಗಾ ಊದುವುದು ಅವನ ಕೆಲಸ. ಸ್ಟೇಶನ್ನಿಗೆ ಹೋಗುವುದನ್ನು ಬಿಟ್ಟ ಮೇಲೆ ಭಾಗಪ್ಪ ಪ್ರತಿ ಸೋಮವಾರ ಎಂಟಕ್ಕೆ ಆ ಭೋಂಗಾ ಕೇಳಿ ತನ್ನ ಗೋಡೆಗಡಿಯಾರದ ಮುಳ್ಳು ಸರಿಮಾಡುತ್ತಿದ್ದ. ಹೇಗಿದ್ದರೂ ನಿಮಿಷ ಅರ್ಧ ನಿಮಿಷದ ಮಾತು, ಗಡಿಯಾರವೇ ಚಳಿಗೆ ನಿಧಾನವಾಗಿರಬೇಕು ಎಂದುಕೊಂಡಿದ್ದ.

"ದಾದಾಸಾಬ, ನೀ ನಿನ್ನ ಗಡಿಯಾರ ಯಾವದಕ್ಕ ಕೂಡಸ್ತಿ?" ಎಂದು ಹೊಸ್ತಿಲಲ್ಲೇ ನಿಂತು ಕೇಳಿದ.

ಅಂಗಳದಲ್ಲಿ ಕೋಳಿಗೆ ಕಾಳು ಚೆಲ್ಲುತ್ತಿದ್ದ ದಾದಾಸಾಬನಿಗೆ ನಗು ಬಂತು. "ಇದೇನ ಕೇಳ್ತಿ ಭಾಗಪ್ಪಣ್ಣಾ? ನಿಮ್ಮ ಏಳರ ಭೋಂಗಾಕ್ಕ! ನಿಮ್ಮದು ಸ್ಟೇಶನ್ ಟೈಮ್ ಅಲ್ಲೇನು?"

"ಕೂಡಿಸಿ?"

"ಕೂಡಿಸಿ ಒಂದ ನಿಮಿಷ ಮುಂದ ಇಡ್ತೀನಿ. ಭೋಂಗಾ ಹಿಂದ ಬಿತ್ತಂದ್ರ ನಮ್ಮ ಶೇಟ್ಜಿ ಬೈತಾರ. ಮುಂದ ಬಿದ್ರ ಯಾರೂ ಬೈಯೂದಿಲ್ಲ."

ಭಾಗಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಲೆಕ್ಕ ಹಾಕಿದ. ತಾನು ದಾದಾಸಾಬನಿಗೆ, ದಾದಾಸಾಬ ತನಗೆ. ತನ್ನ ಏಳಕ್ಕೆ ಅವನು ಒಂದು ನಿಮಿಷ ಕೂಡಿಸುವುದು, ಅವನ ಎಂಟನ್ನು ಖರೆ ಎಂದು ತಿಳಿದು ಸೋಮವಾರ ತಾನು ಆ ನಿಮಿಷವನ್ನು ನುಂಗುವುದು, ಮರುದಿನ ಅವನು ಅದರ ಮೇಲೆ ಮತ್ತೊಂದು ಇಡುವುದು. ದೀಪಾವಳಿಯಿಂದ ಎಣಿಸಿದರೆ ಹತ್ತು ಸೋಮವಾರ. ಗಿರಣಿಯ ಸುತ್ತಲಿನ ಓಣಿಗಳೆಲ್ಲ ಭೋಂಗಾ ಕೇಳಿಯೇ ಏಳುವವು, ಒಲೆ ಹಚ್ಚುವವು. ಕೈಗಡಿಯಾರವಿದ್ದ ನಾಲ್ಕು ಮಂದಿಯೂ ಭಾಗಪ್ಪನ ಗೋಡೆ ನೋಡಿ ತಮ್ಮದನ್ನು ತಿದ್ದಿಕೊಳ್ಳುವವರು. ಹಾಗಾಗಿ ಎಲ್ಲರೂ ಕೂಡಿಯೇ ಹತ್ತು ನಿಮಿಷ ಮುಂದೆ ಹೋಗಿದ್ದರು, ಯಾರಿಗೂ ಗೊತ್ತಾಗಿರಲಿಲ್ಲ. ಭೋಂಗಾ ಕೇಳಿಸದಷ್ಟು ದೂರದಿಂದ ಬಸ್ಸಿಗೆ ಬರುವ ಏಳು ಮಂದಿ ಮಾತ್ರ ಖರೆ ಟೈಮಿನಲ್ಲಿ ಉಳಿದಿದ್ದರು.

ವಿಷಯ ತಿಳಿದ ದಾದಾಸಾಬ ಹೊಟ್ಟೆ ಹಿಡಿದು ನಕ್ಕ. "ಯಾ ಅಲ್ಲಾ! ಇನ್ನೊಂದು ವರ್ಷ ಬಿಟ್ಟಿದ್ರ ನಾವಿಬ್ಬರೂ ಕೂಡಿ ವಿಜಾಪುರಕ್ಕ ಒಂದ ತಾಸು ಮೊದಲ ಬೆಳಕ ಹರಸ್ತಿದ್ವಿ!"

ಭಾಗಪ್ಪನಿಗೆ ನಗು ಬರಲಿಲ್ಲ.

ಸೋಮವಾರ ಸಂಕ್ರಮಣ, ಗಿರಣಿಗೆ ಸೂಟಿ. ಮಾಳವ್ವ ಸಜ್ಜಿ ರೊಟ್ಟಿ, ಎಣಗಾಯಿ, ಮಾದೇಲಿ ಬಡಿಸಿದರೆ ಭಾಗಪ್ಪ ಎಲ್ಲವನ್ನೂ ಕಲಸಿ ಕೂತ. ಒಂದು ದಾರಿ ಸುಲಭವಿತ್ತು. ಸೂಟಿಯ ದಿನ ಗಿರಣಿಗೆ ಹೋಗಿ ಗಡಿಯಾರ ಹಿಂದಕ್ಕೆ ತಿರುಗಿಸಿ ಬಂದರೆ ನಾಳೆಯಿಂದ ಎಲ್ಲ ಸರಿ. ಯಾರಿಗೂ ತಿಳಿಯದು. ದಾದಾಸಾಬನಿಗೆ ಒಂದು ಕಪ್ ಚಹಾ ಕುಡಿಸಿದರೆ ಅವನೂ ಬಾಯಿ ಬಿಡುವವನಲ್ಲ. ಆದರೆ ಪುಸ್ತಕದಲ್ಲಿ ಹದಿನೇಳು ಕೆಂಪು ಗುರುತುಗಳಿದ್ದವು, ಎಲ್ಲವೂ ಅವನ ಕೈಯವೇ. ಹೀಗೆ ಮಾಡಬಹುದಲ್ಲ ಎಂದು ಯೋಚಿಸಿದ್ದಕ್ಕೇ ಅವನಿಗೆ ತನ್ನ ಬಗ್ಗೆ ಹೇಸಿಕೆಯಾಯಿತು.

"ಮಗಳ ಬಂದ್ರೂ ಮಾರಿ ಗಂಟ ಹಾಕ್ಕೊಂಡ ಕುಂತೀರಲ್ಲ, ಏನಾಗೇತಿ?" ಎಂದು ಮಾಳವ್ವ ಕೇಳಿದಾಗ ಎಲ್ಲ ಹೇಳಿದ. ಅವಳು ಸೆರಗಿನಿಂದ ಕೈ ಒರೆಸಿಕೊಂಡು, "ಆ ಹೆಣ್ಮಗಳಿಗೆ ಖೋಲಿ ಹೋತಂದ್ರ ಅದಕ್ಕ ನೀವ ಕಾರಣ ಆಗ್ತೀರಿ," ಎಂದಳು. ಅಷ್ಟೇ. ಮತ್ತೊಂದು ರೊಟ್ಟಿ ಹಾಕಿದಳು.

ಸಂಜೆ ಅವನು ಸ್ಟೇಶನ್ನಿಗೆ ಹೋಗಿ, ಟೈಮ್ ಕೂಡಿಸಿಕೊಂಡು ಬಂದು, ಗಿರಣಿಯ ಗಡಿಯಾರ ಸರಿಮಾಡಿದ. ಮಂಗಳವಾರ ಮುಂಜಾನೆ ತಮ್ಮ ಕೈಗಡಿಯಾರ ನಂಬಿದ ನಾಲ್ಕು ಮಂದಿ ಹತ್ತು ನಿಮಿಷ ಮೊದಲೇ ಬಂದು ಚಳಿಯಲ್ಲಿ ಕೈ ಉಜ್ಜುತ್ತ ನಿಂತರು. ಬಸ್ಸಿನವರು ಏಳಕ್ಕೆ ನಾಲ್ಕು ನಿಮಿಷ ಇರುವಾಗ ಬಂದರು. ಭೀಮಾಬಾಯಿ ಪೆಟ್ಟಿಗೆ ನೋಡಿದಳು, ಗಡಿಯಾರ ನೋಡಿದಳು, ಭಾಗಪ್ಪನನ್ನು ನೋಡಿದಳು. ಅವನು ಪುಸ್ತಕದಲ್ಲಿ ಮುಖ ಹುದುಗಿಸಿದ.

ಒಂಬತ್ತಕ್ಕೆ ಮ್ಯಾನೇಜರ್ ಸಾಹೇಬರು ಬಂದ ಕೂಡಲೇ ಹಾಜರಿ ಪುಸ್ತಕ ಬಗಲಲ್ಲಿ ಹಿಡಿದು ಒಳಗೆ ಹೋದ. ಮುಳ್ಳಿನಿಂದ ಹಿಡಿದು ತಂತಿಯ ಟಕಟಕದವರೆಗೆ ಒಂದೂ ಬಿಡದೆ ಹೇಳಿದ. ಸಾಹೇಬರು ಮೊದಲು ನಕ್ಕರು, ಆಮೇಲೆ ಗಂಭೀರರಾದರು.

"ಅಂದ್ರ ಹತ್ತು ವಾರದಿಂದ ನನ್ನ ಗಿರಣಿ ಜನಾ ಹೊತ್ತಿಗಿಂತ ಮೊದಲ ಮನಿಗೆ ಹೋಗ್ಯಾರ!"

"ಹೊತ್ತಿಗಿಂತ ಮೊದಲ ಬಂದೂ ಇದ್ರಲ್ರಿ," ಎಂದ ಭಾಗಪ್ಪ. "ಮುಂಜಾನಿ ಎಷ್ಟ ಮುಂದೋ ಸಂಜಿಕೂ ಅಷ್ಟ ಮುಂದ. ಸೋಮವಾರ ನಾ ಮುಳ್ಳ ಸರಿಸಿದ ಒಂದೊಂದ ನಿಮಿಷ ಬಿಟ್ರ, ಎಂಟು ತಾಸಿನಾಗ ಏನೂ ಕಡಿಮಿ ಆಗಿಲ್ರಿ. ಪಗಾರದಾಗ ಯಾರದೂ ತಪ್ಪಿಲ್ಲ. ತಪ್ಪಿದ್ದು ಈ ಹದಿನೇಳು ಗುರ್ತು."

"ಬಸ್ಸಿನವರು ನಿನ್ನ ಗಡಿಯಾರದ ಪ್ರಕಾರ ತಡಾನ ಬಂದ್ರಲ್ಲ?"

"ಗೇಟಿನ ಮುಂದ ನಾವ ಹಚ್ಚಿದ ನೋಟೀಸಿನ್ಯಾಗ ಏಳು ಗಂಟೆ ಅಂತ ಐತ್ರಿ. ಭಾಗಪ್ಪನ ಏಳು ಗಂಟೆ ಅಂತಿಲ್ಲ."

ಸಾಹೇಬರು ಪುಸ್ತಕ ತಿರುವಿದರು. ಹದಿನೇಳು ಕಡೆ ತಿದ್ದಿದ ಹಾಜರಿ ಪುಸ್ತಕವನ್ನು ಫ್ಯಾಕ್ಟರಿ ಇನ್ಸ್‌ಪೆಕ್ಟರರು ನೋಡಿದರೆ ಹತ್ತು ಪ್ರಶ್ನೆ ಕೇಳುತ್ತಾರೆ. ಹೆಡ್ ಆಫೀಸಿನ ಆಡಿಟಿನವರು ಇಪ್ಪತ್ತು ಕೇಳುತ್ತಾರೆ. "ಹೋಗಲಿ ಬಿಡು ಭಾಗಪ್ಪಾ. ಗಡಿಯಾರ ಸರಿ ಆತು, ಮುಗೀತು. ಬಕ್ಷೀಸು ಹೋದವರಿಗೆ ನಾ ಬ್ಯಾರೆ ಏನರ ಮಾಡಿ ಕೊಡ್ತೀನಿ."

"ಭೀಮಾಬಾಯಿದು ಆರನೇ ತಿಂಗಳ್ರಿ ಸಾಹೇಬ್ರ. ಅಕಿಗೆ ಐದು ರೂಪಾಯಿ ಬ್ಯಾಡ. ಗುರ್ತು ಹೋಗಬೇಕು."

"ಗುರ್ತು ಹಂಗ ಸುಮ್ಮ ಹೋಗೂದಿಲ್ಲ. ಯಾಕ ಹೋತು ಅಂತ ಶೇರಾದಾಗ ಬರೀಬೇಕು. ಯಾರ ತಪ್ಪು ಅಂತ ಬರೀಬೇಕು. ಬರದ್ರ ನಿನ್ನ ಸರ್ವಿಸ್ ಬುಕ್ಕಿಗೆ ಹೋಗತೈತಿ, ಏಪ್ರಿಲದ ಬಡತಿ ನಿಲ್ಲತೈತಿ. ಹದಿನಾಲ್ಕು ವರ್ಷದಾಗ ನಿನ್ನ ಬುಕ್ಕಿನ್ಯಾಗ ಒಂದ ಕಲೆ ಇಲ್ಲ. ವಿಚಾರ ಮಾಡು."

ಭಾಗಪ್ಪ ವಿಚಾರ ಮಾಡಿದ, ಸುಳ್ಳೇಕೆ ಹೇಳುವುದು. ವರ್ಷಕ್ಕೊಮ್ಮೆ ಏರುವ ಪಗಾರ, ಮಗಳ ಬಾಣಂತನಕ್ಕೆ ಮುಂದೆ ಬೇಕಾಗುವ ಖರ್ಚು, ಹದಿನಾಲ್ಕು ವರ್ಷದ ಹೆಸರು, ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಸಾಹೇಬರ ಮೇಜಿನ ಮೇಲೆಯೇ ಪುಸ್ತಕ ಬಿಡಿಸಿದ.

ಹಾಜರಿ ಪುಸ್ತಕದಲ್ಲಿ ಕೆರೆಯುವಂತಿಲ್ಲ, ಮೇಲೆ ಗೀಚುವಂತಿಲ್ಲ. ಕೆಂಪು ಗುರುತಿನ ಮೇಲೆ ಅದು ಓದಲು ಬರುವಂತೆ ಒಂದೇ ಗೆರೆ ಎಳೆದ, ಮೇಲೆ ಕಪ್ಪು ಶಾಯಿಯಲ್ಲಿ ಹಾಜರ್ ಎಂದು ಬರೆದ, ಮಗ್ಗುಲಲ್ಲಿ ತನ್ನ ಸಣ್ಣ ಸಹಿ ಹಾಕಿದ. ಹೀಗೆ ಹದಿನೇಳು ಸಲ. ಶೇರಾ ಕಾಲಮಿನಲ್ಲಿ, ಅಂದರೆ ಟಿಪ್ಪಣಿಯ ಜಾಗದಲ್ಲಿ, ದುಂಡಗೆ ಬರೆದ: "ಗೇಟಿನ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಸ್ಟೇಶನ್ ಟೈಮಿಗೆ ಹೋಲಿಸದೆ ಇದ್ದದ್ದು ಟೈಮ್‌ಕೀಪರನ ತಪ್ಪು. ಆಳುಗಳು ವೇಳೆಗೆ ಸರಿಯಾಗಿ ಬಂದಿದ್ದರು." ಕೆಳಗೆ ಪೂರ್ಣ ಸಹಿ. ಸಾಹೇಬರು ಬಹಳ ಹೊತ್ತು ಅದನ್ನು ಓದಿ, ಹದಿನೇಳು ಕಡೆ ತಮ್ಮ ಸಹಿಯನ್ನೂ ಹಾಕಿ, ಪುಸ್ತಕ ಸರಿಸಿದರು.

ಭಾಗಪ್ಪನಿಗೆ ಎದೆ ಹಗುರಾಯಿತು. ಹಗುರಾದದ್ದಷ್ಟೇ ಅಲ್ಲ, ತುಸು ಉಬ್ಬಿತು ಕೂಡ. ಇಷ್ಟು ಮಾಡಿದ ಮೇಲೆ ಆ ಹೆಣ್ಮಗಳು ಕೈಮುಗಿದು ನಾಲ್ಕು ಮಾತಾಡಿಯಾಳು ಎಂಬ ಆಸೆ ಅವನಿಗಿರಲಿಲ್ಲ ಎಂದರೆ ನಾವೇ ನಂಬುವುದಿಲ್ಲ. ಊಟದ ಬಿಡುವಿಗೆ ಪುಸ್ತಕ ಹಿಡಿದುಕೊಂಡೇ ರೀಲಿಂಗ್ ಖಾತೆಯ ಹಿಂದಿನ ಬೇವಿನ ಗಿಡದ ಹತ್ತಿರ ಹೋದ. ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು.

"ಭೀಮಾಬಾಯಿ, ನಿನ್ನ ಮೂರೂ ಗುರ್ತು ಹೊಡದ ಹಾಕೀನಿ. ಸಾಹೇಬ್ರ ಸಹಿ ಆಗೇತಿ. ನಿನ್ನ ಆರು ತಿಂಗಳು ಕೆಟ್ಟಿಲ್ಲ." ಪುಸ್ತಕ ಬಿಡಿಸಿ ತೋರಿಸಿ, ಸ್ಟೇಶನ್ನಿನ ಕತೆ, ದಾದಾಸಾಬನ ಕತೆ, ನಾಲ್ಕರ ತಂತಿಯ ಕತೆ ಎಲ್ಲ ಹೇಳಿದ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಭೀಮಾಬಾಯಿಯೂ ನಕ್ಕಳು. ಅವಳು ನಕ್ಕದ್ದನ್ನು ಅವನು ನೋಡಿದ್ದು ಅದೇ ಮೊದಲು.

ಆಮೇಲೆ ಅವಳು ನೀರು ಕುಡಿದು ಚೆಂಬು ಕೆಳಗಿಟ್ಟಳು.

"ಖೋಲಿ ಉಳೀತ್ರಿ ಯಪ್ಪಾ. ನಿಮ್ಮ ಬಡತಿ ಹೋಗೂದೂ ಕೇಳೀನಿ, ಆಫೀಸಿನ ಪಟ್ಟೇವಾಲಾ ಹೇಳ್ಯಾನ. ನಿಮ್ಮ ಉಪಕಾರ ಮರ್ಯಾಂಗಿಲ್ಲ." ಅವನ ಮುಖವನ್ನೇ ನೋಡುತ್ತ ಹೇಳಿದಳು: "ಆದ್ರ ಬುಧವಾರ ನಾ ಇದ ಮಾತ ಹೇಳಿದ್ದೆ. ಕಣ್ಣಿಲೆ ನೋಡೀನಿ ಅಂದಿದ್ದೆ. ತಂತಿ ಟಕಟಕ ಅಂದಿದ್ದಕ್ಕ ನಿಮಗ ನಂಬಿಕಿ ಬಂತು. ನಾ ಬಾಯಿ ಬಿಟ್ಟ ಹೇಳಿದ್ರೂ ಬರಲಿಲ್ಲ."

ಭಾಗಪ್ಪನಿಗೆ ಥಟ್ಟನೆ ಉತ್ತರ ಹೊಳೆಯುವ ಚಟ. ಹದಿನಾಲ್ಕು ವರ್ಷ ಗೇಟಿನಲ್ಲಿ ಕೂತು ಯಾರಿಗೂ ಮಾತಿನಲ್ಲಿ ಸೋತವನಲ್ಲ. ಅವತ್ತು ಪುಸ್ತಕ ಮುಚ್ಚಿದ, ಮತ್ತೆ ತೆರೆದ, ಅವಳ ಹೆಸರಿನ ಸಾಲು ನೋಡಿದ. ಐದು ತಿಂಗಳಲ್ಲಿ ಒಂದೂ ಕೆಂಪಿಲ್ಲದ ಆ ಸಾಲು ಮಂಗಳವಾರವೂ, ಬುಧವಾರವೂ, ಶನಿವಾರವೂ ಅವನ ಕೈಯಲ್ಲೇ ಇತ್ತು. ಒಮ್ಮೆ ಹಿಂದಕ್ಕೆ ತಿರುವಿದ್ದರೆ ಸಾಕಿತ್ತು.

"ಖರೆ ಐತವ್ವಾ," ಎಂದ. "ಅದನ್ನ ಶೇರಾದಾಗ ಬರಿಲಿಲ್ಲ ನಾ."

ಭೀಮಾಬಾಯಿ ಜರುಗಿ ನೆರಳಿನಲ್ಲಿ ಜಾಗ ಮಾಡಿದಳು. ತನ್ನ ಬುತ್ತಿಯಿಂದ ಒಂದು ಸಜ್ಜಿ ರೊಟ್ಟಿ ಮುರಿದು, ಮೇಲೆ ಶೇಂಗಾ ಹಿಂಡಿ ಹಾಕಿ, ಅವನ ಮುಂದೆ ಹಿಡಿದಳು. ಅವಳ ಕೈಯ ರೊಟ್ಟಿ ಭಾಗಪ್ಪ ತಿಂದಾನೋ ಇಲ್ಲವೋ ಎಂದು ಎಲ್ಲರೂ ನೋಡುತ್ತಿದ್ದರು. ಅದು ಭಾಗಪ್ಪನಿಗೂ ಗೊತ್ತಿತ್ತು. ಅವನು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟು, ಅವಳ ಎದುರು ನೆಲದ ಮೇಲೆ ಕೂತು, ರೊಟ್ಟಿ ಇಸಿದುಕೊಂಡು ತಿಂದ. ಹನ್ನೊಂದೂವರೆಯ ಗಂಟೆ ಬಾರಿಸಬೇಕಾದವನು ಅವನೇ. ಆ ದಿನ ಗಿರಣಿಯ ಬಿಡುವು ಎರಡು ನಿಮಿಷ ಹೆಚ್ಚಾಯಿತು.